ಮೂರನೇ ಡೋಸ್ ಮೊದಲನೆಯದನ್ನು ಮೀರಿದ ವರ್ಷ: ಎಚ್‌ಎಂಐಎಸ್ ಪೋರ್ಟಲ್, ಒಂಬತ್ತು ವರ್ಷದ ಬಳಕೆ

ಸರ್ಕಾರಿ ಆರೋಗ್ಯ ಕೇಂದ್ರಗಳ ತಿಂಗಳ ಲೆಕ್ಕ ಸೇರುವ ಈ ಎಚ್‌ಎಂಐಎಸ್ ಪೋರ್ಟಲ್‌ನಲ್ಲಿ ಎಷ್ಟು ನಮೂನೆಗಳಿವೆ, ಯಾವ ಪುಟದಲ್ಲಿ ಏನಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2008ರಲ್ಲಿ ಆರಂಭಿಸಿದ ಈ ವ್ಯವಸ್ಥೆಗೆ ತಿಂಗಳು ತಿಂಗಳು ಅಂಕಿ ತುಂಬುವವರಿಗೆ ಅವೆಲ್ಲ ಬಾಯಿಪಾಠವಾಗಿರುತ್ತವೆ. ನಾನು ಕೊಡಗಿನ ದಕ್ಷಿಣ ಭಾಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಡೇಟಾ ಎಂಟ್ರಿ ಕೆಲಸ ಮಾಡುತ್ತೇನೆ. ನಮ್ಮ ಕೇಂದ್ರಕ್ಕೆ ಮೂರು ಉಪಕೇಂದ್ರಗಳು ಸೇರಿವೆ. ಒಂದು ಗದ್ದೆ ಬಯಲಿನ ಊರುಗಳದ್ದು, ಒಂದು ಸಂತೆ ನಡೆಯುವ ಪೇಟೆಯದು, ಇನ್ನೊಂದು ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳದ್ದು. ಈ ಮೂರನೆಯದರ ಸಲುವಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮೊದಲು ಇಷ್ಟವಾದದ್ದನ್ನು ಹೇಳಿಬಿಡುತ್ತೇನೆ. ತಿಂಗಳ ಮೊದಲ ವಾರದಲ್ಲಿ ಉಪಕೇಂದ್ರಗಳ ಮೂವರು ಸಿಸ್ಟರ್‌ಗಳೂ ತಮ್ಮ ಲೆಕ್ಕದ ಹಾಳೆಗಳನ್ನು ಹಿಡಿದುಕೊಂಡು ಬರುತ್ತಾರೆ. ಹಾಳೆಯ ತುಂಬ ಪೆನ್ಸಿಲಿನ ಗೆರೆಗಳು, ನಾಲ್ಕು ನಿಂತವು, ಐದನೆಯದು ಅಡ್ಡ. ಒಬ್ಬರು ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಆಮೇಲೆ ಪರದೆಯ ಮೇಲೆ ಇರುವುದನ್ನು ನಾನು ಓದುತ್ತೇನೆ, ಅವರು ಹಾಳೆಯ ಮೇಲೆ ಬೆರಳಿಟ್ಟು ಹೂಂಗುಡುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯುಪಿಎಸ್ ಇಪ್ಪತ್ತು ನಿಮಿಷ ತಡೆಯುತ್ತದೆ. ಆದ್ದರಿಂದ ಲಸಿಕೆಯ ಪುಟವನ್ನೇ ಮೊದಲು ಮುಗಿಸುವುದು ನಮ್ಮ ರೂಢಿ. ಅರುವತ್ತು ರೂಪಾಯಿಯ ಉದ್ದ ನೋಟ್‌ಬುಕ್ ಒಂದನ್ನು ನಾನೇ ಕೊಂಡು ಇಟ್ಟಿದ್ದೇನೆ. ಪೋರ್ಟಲ್‌ಗೆ ಹೋದ ಪ್ರತಿ ಅಂಕಿಯೂ ಅದರಲ್ಲಿ ಉಪಕೇಂದ್ರವಾರು ಇರುತ್ತದೆ.

ನನಗೆ ಬಹಳ ಪ್ರಿಯವಾದ ಜೋಡಿ ಸಾಲೊಂದು ಲಸಿಕೆ ಪುಟದಲ್ಲಿದೆ: ಯೋಜಿಸಿದ ಲಸಿಕಾ ಶಿಬಿರಗಳು, ನಡೆದ ಲಸಿಕಾ ಶಿಬಿರಗಳು. ಜುಲೈಯಲ್ಲಿ ಹೊಳೆ ರಸ್ತೆಯ ಮೇಲೆ ಬಂದು ಸಿಸ್ಟರ್ ಲೈನ್ ಮನೆಗಳಿಗೆ ಹೋಗಲಾಗದ ವಾರ ಲಸಿಕೆಯ ಸಾಲಿನಲ್ಲಿ ಸೊನ್ನೆ ಬೀಳುತ್ತದೆ. ಆ ಸೊನ್ನೆಯನ್ನು ಮಾತ್ರ ನೋಡಿದವರು ಮಕ್ಕಳು ಬರಲಿಲ್ಲ ಎಂದುಕೊಳ್ಳುತ್ತಾರೆ. ಪಕ್ಕದಲ್ಲಿ ನಾಲ್ಕು ಯೋಜಿಸಿ ಎರಡು ನಡೆದವು ಎಂದಿದ್ದರೆ, ಹೋಗಲಾಗದವರು ನಾವು ಎಂಬುದು ತಿಳಿಯುತ್ತದೆ. ಈ ಎರಡು ಸಾಲುಗಳನ್ನು ಕಣ್ಣುಮುಚ್ಚಿ ನಾಲ್ಕು, ನಾಲ್ಕು ಎಂದು ತುಂಬುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಇನ್ನು ನೋವಿನ ಭಾಗ. ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯನ್ನು ಮಗುವಿಗೆ ಆರು, ಹತ್ತು ಮತ್ತು ಹದಿನಾಲ್ಕನೇ ವಾರದಲ್ಲಿ ಕೊಡುತ್ತಾರೆ. ಮೊದಲ ಡೋಸ್ ಪಡೆದವರಲ್ಲಿ ಎಷ್ಟು ಮಂದಿ ಮೂರನೆಯದಕ್ಕೆ ಬರಲಿಲ್ಲ ಎಂಬುದೇ ಕೈಬಿಟ್ಟವರ ಪ್ರಮಾಣ. ಮೊದಲನೆಯದರಿಂದ ಮೂರನೆಯದನ್ನು ಕಳೆದು, ಮೊದಲನೆಯದರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಅದು ಸಿಗುತ್ತದೆ. ಶೇಕಡ 10 ಮೀರಿದರೆ ವಿಚಾರಿಸಬೇಕು ಎಂಬುದು ಲಸಿಕೆ ಕಾರ್ಯಕ್ರಮದ ರೂಢಿ. ಕೊಡಗಿನಂಥ ಜಿಲ್ಲೆಗೆ ಈ ಲೆಕ್ಕ ಏಕೆ ಒಪ್ಪುತ್ತದೆ ಎಂದರೆ, ಇದಕ್ಕೆ ಜನಸಂಖ್ಯೆಯೇ ಬೇಕಿಲ್ಲ. ಇಷ್ಟು ಮಕ್ಕಳಿಗೆ ಲಸಿಕೆ ಆಗಬೇಕು ಎಂಬ ಗುರಿಯನ್ನು 2011ರ ಜನಗಣತಿಯನ್ನು ಮುಂದಕ್ಕೆ ಎಳೆದು ಅಂದಾಜು ಮಾಡುತ್ತಾರೆ. ಕಾಫಿ ಕೊಯ್ಲಿಗೆ ಬಂದು ಕೊಯ್ಲು ಮುಗಿದ ಮೇಲೆ ಹೊರಡುವ ಕುಟುಂಬಗಳು ಆ ಅಂದಾಜಿನಲ್ಲಿ ಎಲ್ಲಿ ಕೂರುತ್ತವೆ? ಕೈಬಿಟ್ಟವರ ಲೆಕ್ಕದಲ್ಲಾದರೋ ಭಾಗಾಕಾರದ ಗೆರೆಯ ಮೇಲಿರುವವರೂ ಕೆಳಗಿರುವವರೂ ನಮ್ಮ ಸಿಸ್ಟರ್ ಕಣ್ಣಾರೆ ಕಂಡ ಮಕ್ಕಳೇ.

ಒಂದು ವರ್ಷ ಪೇಟೆ ಉಪಕೇಂದ್ರದಲ್ಲಿ ಮೊದಲ ಡೋಸ್ 18 ಮಕ್ಕಳಿಗೆ, ಮೂರನೆಯದು 22 ಮಕ್ಕಳಿಗೆ ಆಗಿತ್ತು. ಮೇಲಿನಿಂದ ಬಂದ ಪರಿಶೀಲನಾ ಪಟ್ಟಿಯಲ್ಲಿ ಆ ಸಾಲಿಗೆ ಗುರುತು ಹಾಕಿದ್ದರು. ಫೋನ್ ಬಂತು. ಮೂರನೆಯದು ಮೊದಲನೆಯದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ, ಸರಿಪಡಿಸಿ ಸಂಜೆಯೊಳಗೆ ಕಳುಹಿಸಿ ಎಂದರು. ನಾನು ಸರಿಪಡಿಸಿದೆ. ಅಂದರೆ 22 ಇದ್ದದ್ದನ್ನು 18 ಮಾಡಿದೆ. ಹಾಳೆಯನ್ನು ತೆಗೆದು ನೋಡಲಿಲ್ಲ, ಸಿಸ್ಟರ್‌ಗೆ ಕರೆ ಮಾಡಲಿಲ್ಲ. ಲಸಿಕೆ ಪಡೆದ ನಾಲ್ಕು ಮಕ್ಕಳನ್ನು ವರದಿಯಿಂದ ಅಳಿಸಿ, ತಪ್ಪು ಹೋಯಿತು ಎಂದು ನೆಮ್ಮದಿಯಿಂದ ಮನೆಗೆ ಹೋದೆ. ಒಂಬತ್ತು ವರ್ಷಗಳಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಅದು.

ಮರುವರ್ಷ ಅದೇ ಗುರುತು ಮತ್ತೆ ಬಂದಾಗ ನೋಟ್‌ಬುಕ್ ತೆಗೆದೆ. ಇಡೀ ಕೇಂದ್ರದ ವರ್ಷದ ಮೊತ್ತ: ಮೊದಲ ಡೋಸ್ 64, ಮೂರನೆಯದು 61. ಕೈಬಿಟ್ಟವರು ಶೇಕಡ 5ಕ್ಕೂ ಕಡಿಮೆ, ಯಾರೂ ಪ್ರಶ್ನಿಸದ ಅಂಕಿ. ಉಪಕೇಂದ್ರವಾರು ಬಿಡಿಸಿದಾಗ ಊರುಗಳ ಕಡೆ 30 ಮತ್ತು 29, ಪೇಟೆಯಲ್ಲಿ 20 ಮತ್ತು 25, ಲೈನ್ ಮನೆಗಳಲ್ಲಿ 14 ಮತ್ತು 7. ತೋಟದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮೂರನೇ ಡೋಸ್ ಹೊತ್ತಿಗೆ ಅಲ್ಲಿರಲಿಲ್ಲ. ಪೇಟೆಯ ಹೆಚ್ಚುವರಿ ಐದು ಆ ಹಳ್ಳವನ್ನು ತುಂಬಿ, ಮೊತ್ತವನ್ನು ಚೆಂದಗಾಣಿಸಿತ್ತು.

ಈ ಸಲ ಅಂಕಿ ಮುಟ್ಟುವ ಮೊದಲು ಮರು ಎಣಿಕೆ ಮಾಡಿದೆವು. ಪೇಟೆ ಉಪಕೇಂದ್ರದ ವರ್ಷದ ಲೆಕ್ಕದ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಗೆರೆಗಳನ್ನು ಎಣಿಸಿದೆವು. 25 ಬಂತು. ಪೋರ್ಟಲ್‌ನಲ್ಲಿಯೂ 25. ಹಾಳೆಯಲ್ಲಿ 20 ಇದ್ದು ಪೋರ್ಟಲ್‌ನಲ್ಲಿ 25 ಇದ್ದಿದ್ದರೆ ತಪ್ಪು ನನ್ನ ಬೆರಳಿನದು. ಹಾಳೆಯಲ್ಲಿಯೂ 25 ಇದ್ದರೆ ಮುಂದಿನ ಮೆಟ್ಟಿಲು ಹೆಸರುಗಳ ರಿಜಿಸ್ಟರ್. ಪೇಟೆಯ ಸಿಸ್ಟರ್ ಅದನ್ನು ತಂದು ಒಂದೊಂದೇ ಹೆಸರು ಓದಿದರು. ಐದು ಹೆಸರುಗಳ ಎದುರು ವಿಳಾಸದ ಕಾಲಂನಲ್ಲಿ ತೋಟದ ಹೆಸರಿತ್ತು. ತೋಟದ ಕಡೆಯ ಸಿಸ್ಟರ್, ಅವರನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ, ತಮ್ಮ ಪುಸ್ತಕವನ್ನು ತಿರುವಿ ಮೌನವಾದರು. ಆಮೇಲೆ, “ಈ ಐವರೂ ನನ್ನ ಮಕ್ಕಳು. ಮೊದಲ ಡೋಸ್ ನಾನೇ ಲೈನ್‌ಗೆ ಹೋಗಿ ಹಾಕಿದ್ದೆ. ಬಿಟ್ಟುಹೋದರು ಎಂದು ಬರೆದುಕೊಂಡಿದ್ದೇನೆ ನೋಡಿ” ಎಂದರು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಲಸಿಕೆಯ ದಿನ ಗುರುವಾರ. ರೋಬಸ್ಟಾ ಕೊಯ್ಲಿನ ತಿಂಗಳುಗಳಲ್ಲಿ ತಾಯಂದಿರು ಬೆಳಗ್ಗೆಯೇ ತೋಟಕ್ಕೆ ಇಳಿದರೆ ಹಣ್ಣು ತೂಕಕ್ಕೆ ಬರುವುದು ಸಂಜೆಗೆ. ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಇರುವಾಗ ನಡುವೆ ಎರಡು ಗಂಟೆ ಬಿಟ್ಟುಬರುವುದು ಆ ಮನೆಗೆ ಭಾರ. ಸಂತೆಯ ದಿನ ತೋಟಕ್ಕೆ ರಜೆ. ಅಂದು ಜೀಪಿನಲ್ಲಿ ಪೇಟೆಗೆ ಬರುವ ತಾಯಂದಿರು ತಾಯಿ ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅಲ್ಲೇ ಚುಚ್ಚುಮದ್ದು ಹಾಕಿಸಿಕೊಂಡು ಹೋಗಿದ್ದರು. ತಾಯಂದಿರು ತಮ್ಮ ಅನುಕೂಲಕ್ಕೆ ತಕ್ಕ ದಾರಿ ಕಂಡುಕೊಂಡಿದ್ದರು. ಅದರ ಗುರುತನ್ನೇ ನಾನು ಹಿಂದಿನ ವರ್ಷ ತಪ್ಪೆಂದು ಒರೆಸಿದ್ದೆ.

ಏಳರಲ್ಲಿ ಐದು ಸಿಕ್ಕಿತು, ಉಳಿದದ್ದು ಎರಡು. ಆಶಾ ಕಾರ್ಯಕರ್ತೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಾಜರಿ ಪುಸ್ತಕ ಕೇಳಿ ನೋಡಿದರು. ಒಂದು ಕುಟುಂಬ ಹುಣಸೂರು ಕಡೆಯ ಹಾಡಿಗೆ ಹಿಂತಿರುಗಿತ್ತು, ಅಲ್ಲಿನ ಆಶಾಗೆ ಫೋನಿನಲ್ಲಿ ಹೆಸರು ತಲುಪಿಸಿದೆವು. ಇನ್ನೊಂದು ಕುಟುಂಬ ಬೇರೆ ಯಾವುದೋ ತೋಟಕ್ಕೆ ಹೋಗಿತ್ತು. ಆ ಮಗು ಸಿಗಲಿಲ್ಲ.

ಆ ತಿಂಗಳ ಸಭೆಯಲ್ಲಿ ಡಾಕ್ಟರ್ ಮುಂದೆ ಮೂರು ಸಾಲುಗಳ ಹಾಳೆಯನ್ನಷ್ಟೇ ಇಟ್ಟೆ. ಸಂಜೆ ತೂಕದ ಹೊತ್ತಿಗೆ ಕಣದಲ್ಲೇ ಶಿಬಿರ ನಡೆಸೋಣ ಎಂಬ ಮಾತು ಮೊದಲು ಬಂತು. ಅಕ್ಕ ಒಪ್ಪಲಿಲ್ಲ. ಉಳಿದ ಲಸಿಕೆಯನ್ನು ಅದೇ ದಿನ ಕೇಂದ್ರದ ಫ್ರಿಜ್‌ಗೆ ಮುಟ್ಟಿಸಬೇಕು, ಕತ್ತಲಾದ ಮೇಲೆ ಆ ದಾರಿಯಲ್ಲಿ ಆನೆ ಇರುತ್ತದೆ. ಕೊನೆಗೆ ನಿಂತ ತೀರ್ಮಾನ: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೋಟದ ಶಿಬಿರ ಗುರುವಾರ ಬೇಡ. ಸಂತೆಯ ದಿನ ಬೆಳಗ್ಗೆ ಎಂಟರಿಂದ ಹತ್ತು, ಪೇಟೆಯ ಜೀಪು ಹೊರಡುವ ಮೊದಲು. ಪೆಂಟಾದ ತೆರೆದ ಸೀಸೆಯನ್ನು ತಂಪು ಕೆಡದಂತೆ ಇಟ್ಟರೆ ನಿಯಮದ ಪ್ರಕಾರ ನಾಲ್ಕು ವಾರದವರೆಗೆ ಬಳಸಬಹುದು, ಆದ್ದರಿಂದ ಮೂರೇ ಮಕ್ಕಳು ಬಂದರೂ ನಷ್ಟವಿಲ್ಲ. ದಡಾರ-ರುಬೆಲ್ಲಾ ಲಸಿಕೆ ಹಾಗಲ್ಲ, ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಹಾಗಾಗಿ ಅದರ ಮಕ್ಕಳನ್ನು ತಿಂಗಳ ಒಂದೇ ಬೆಳಗ್ಗೆಗೆ ಒಟ್ಟುಗೂಡಿಸಿದೆವು.

ಮರುವರ್ಷ ಲೈನ್ ಮನೆಗಳಲ್ಲಿ ಮೊದಲ ಡೋಸ್ 12, ಮೂರನೆಯದು 11. ಇಷ್ಟು ಸಣ್ಣ ಸಂಖ್ಯೆಯಲ್ಲಿ ಒಂದು ಮಗು ಎಂದರೆ ಶೇಕಡ ಎಂಟು. ಆದ್ದರಿಂದ ಇದನ್ನು ಸಾಧನೆ ಎಂದು ನಾನು ಎಲ್ಲಿಯೂ ಬರೆದಿಲ್ಲ. ಪ್ರತಿ ತಿಂಗಳ ಲೆಕ್ಕವನ್ನು ಹೀಗೆ ಹೋಲಿಸಲೂಬಾರದು. ಏಪ್ರಿಲ್‌ನಲ್ಲಿ ಮೊದಲ ಡೋಸ್ ಪಡೆದ ಮಗುವಿನ ಮೂರನೆಯದು ಬರುವುದು ಬೇಗವೆಂದರೆ ಮೇ ಕೊನೆಗೆ. ಒಂದೇ ತಿಂಗಳ ಎರಡು ಸಾಲುಗಳಲ್ಲಿ ಇರುವುದು ಬೇರೆ ಬೇರೆ ಮಕ್ಕಳು. ವರ್ಷದ ಮೊತ್ತಕ್ಕಾದರೆ ಅರ್ಥವಿದೆ.

ಪೋರ್ಟಲ್ ಬಗ್ಗೆ ನನ್ನ ದೂರು ಒಂದೇ, ಅದು ದೊಡ್ಡದು. ಎಚ್‌ಎಂಐಎಸ್‌ಗೆ ಹೋಗುವುದು ಮೊತ್ತ ಮಾತ್ರ, ಹೆಸರಿಲ್ಲ. ಹೆಸರುಗಳಿರುವುದು ಬೇರೆ ಪೋರ್ಟಲ್‌ನಲ್ಲಿ ಮತ್ತು ಸಿಸ್ಟರ್‌ಗಳ ಪುಸ್ತಕದಲ್ಲಿ. ಎಲ್ಲೋ ಏನೋ ಆಗಿದೆ ಎಂದು ಮೊತ್ತ ಹೇಳುತ್ತದೆ, ಯಾವ ಮನೆ ಎಂದು ಹೇಳುವುದಿಲ್ಲ. ಪುಸ್ತಕದವರೆಗೆ ನಡೆದುಹೋಗಲು ಸಮಯ ಕೊಡದೆ ಸಂಜೆಯೊಳಗೆ ಸರಿಪಡಿಸಿ ಎಂದರೆ, ನನ್ನಂಥ ಆಪರೇಟರ್ ಅಂಕಿಯನ್ನೇ ತಿದ್ದುತ್ತಾನೆ. ಈಗ ಅಂಥ ಫೋನ್ ಬಂದರೆ ಎರಡು ದಿನ ಕೇಳುತ್ತೇನೆ. ಹಾಳೆ, ರಿಜಿಸ್ಟರ್, ಅಕ್ಕನ ಪುಸ್ತಕ, ಈ ಕ್ರಮದಲ್ಲಿ ನೋಡಿ ಉತ್ತರ ಕೊಡುತ್ತೇನೆ. ತಪ್ಪಿದ್ದರೆ ತಿದ್ದುತ್ತೇನೆ, ಇಲ್ಲದಿದ್ದರೆ ಕಾರಣ ಬರೆದು ಅಂಕಿಯನ್ನು ಹಾಗೆಯೇ ಬಿಡುತ್ತೇನೆ.

ನೋಟ್‌ಬುಕ್‌ನಲ್ಲಿ ಈಗ ಇನ್ನೊಂದು ಕಾಲಂ ಇದೆ: ನಮ್ಮಲ್ಲಿ ಹಾಕಿಸಿಕೊಂಡ ಬೇರೆ ಉಪಕೇಂದ್ರದ ಮಕ್ಕಳು. ಪೇಟೆಯ ಸಿಸ್ಟರ್ ಆ ಹೆಸರುಗಳನ್ನು ಓದುವಾಗ ಅಕ್ಕ ತಮ್ಮ ಪುಸ್ತಕದಲ್ಲಿ ಒಂದೊಂದಕ್ಕೂ ಗುರುತು ಹಾಕಿಕೊಳ್ಳುತ್ತಾರೆ. ಬೇರೆ ತೋಟಕ್ಕೆ ಹೋದ ಆ ಮಗುವಿನ ಸಾಲಿನ ಎದುರು ಇನ್ನೂ ಗುರುತು ಬಿದ್ದಿಲ್ಲ.