ಪೋಸ್ಟರ್ ಫೋಟೋದಿಂದ ಇಮೇಲ್, ಲಿಂಕ್ ಎತ್ತಿಕೊಡುವ ಫೋನ್ ಸೌಲಭ್ಯ: ದೀರ್ಘ ಬಳಕೆಯ ನಂತರದ ವಿಮರ್ಶೆ

ಫೋಟೋದೊಳಗಿನ ಬರಹವನ್ನು ಗುರುತಿಸಿ, ನಕಲು ಮಾಡಿಕೊಳ್ಳಬಹುದಾದ ಅಕ್ಷರಗಳಾಗಿ ಕೊಡುವ ಸೌಲಭ್ಯ ಈಗ ಹೆಚ್ಚಿನ ಫೋನ್‌ಗಳ ಕ್ಯಾಮೆರಾದಲ್ಲೇ ಇರುತ್ತದೆ. ನಾನು ಅದನ್ನು ಹಲವು ವರ್ಷಗಳಿಂದ ಮುಖ್ಯವಾಗಿ ಒಂದೇ ಕೆಲಸಕ್ಕೆ ಬಳಸುತ್ತಿದ್ದೇನೆ. ನಮ್ಮ ಕಾಲೇಜು ಗ್ರಂಥಾಲಯದ ಸೂಚನಾ ಫಲಕಕ್ಕೆ ವಿಚಾರ ಸಂಕಿರಣ, ವಿದ್ಯಾರ್ಥಿವೇತನ, ಪ್ರಬಂಧ ಸ್ಪರ್ಧೆಗಳ ಪೋಸ್ಟರ್‌ಗಳು ಬರುತ್ತವೆ. ಅವುಗಳಲ್ಲಿರುವ ಇಮೇಲ್ ವಿಳಾಸ ಮತ್ತು ನೋಂದಣಿ ಲಿಂಕ್‌ಗಳನ್ನು ತೆಗೆದು ವಿದ್ಯಾರ್ಥಿಗಳಿಗೆ ಕಳುಹಿಸುವುದು ನನ್ನ ಪಾಲಿನ ಕೆಲಸ. ಕಾರ್ಯಕ್ರಮದ ವಿವರ, ಸ್ಥಳ, ದಿನಾಂಕ, ಫೋನ್ ಸಂಖ್ಯೆಗಳನ್ನು ಈ ಸೌಲಭ್ಯ ಚೆನ್ನಾಗಿ ಎತ್ತಿಕೊಡುತ್ತದೆ, ಆ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಳಾಸ ಮತ್ತು ಲಿಂಕ್‌ಗಳ ವಿಷಯದಲ್ಲಿ ಮಾತ್ರ, ಅದು ಕೊಟ್ಟದ್ದನ್ನು ಪರೀಕ್ಷಿಸದೆ ಯಾರಿಗೂ ಕಳುಹಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ತೊಂದರೆಯೆಲ್ಲ ಐದು ಚಿಹ್ನೆಗಳಲ್ಲಿದೆ. ಸಣ್ಣ l, ದೊಡ್ಡ I ಮತ್ತು ಒಂದು ಎಂಬ ಅಂಕಿ 1, ಈ ಮೂರೂ ನೆಟ್ಟಗೆ ನಿಂತ ಗೆರೆಗಳು. ಸೊನ್ನೆ 0 ಮತ್ತು ದೊಡ್ಡ O, ಎರಡೂ ಉಂಗುರಗಳು. ಮಾಮೂಲಿ ವಾಕ್ಯದಲ್ಲಿ ಇವು ಕಾಟ ಕೊಡುವುದಿಲ್ಲ, ಏಕೆಂದರೆ ಅಕ್ಷರ ಗುರುತಿಸುವ ತಂತ್ರಾಂಶವು ಒಂದೊಂದೇ ಆಕಾರವನ್ನು ಬಿಡಿಯಾಗಿ ನೋಡುವುದಿಲ್ಲ. ಅಕ್ಕಪಕ್ಕದ ಅಕ್ಷರಗಳನ್ನೂ ತಾನು ಕಲಿತ ಭಾಷೆಯ ಪದಗಳನ್ನೂ ಆಧರಿಸಿ ತೀರ್ಮಾನಿಸುತ್ತದೆ. ವಾಕ್ಯದ ಮೊದಲಲ್ಲಿ ಗೆರೆ ಕಂಡರೆ ಅದು I ಎಂದೂ ಅಂಕಿಗಳ ನಡುವೆ ಕಂಡರೆ 1 ಎಂದೂ ಊಹಿಸುವುದು ವಾಕ್ಯಗಳಲ್ಲಿ ಬಹುಪಾಲು ಸರಿಯಾಗುತ್ತದೆ. ಇಮೇಲ್ ವಿಳಾಸಕ್ಕೆ ಅಂಥ ನಿಘಂಟಿನ ಆಸರೆ ಇಲ್ಲ. ಅಲ್ಲಿ ಬರುವುದು ಯಾರದೋ ಹೆಸರು, ಊರು, ಇಸವಿಗಳ ಜೋಡಣೆ. ಹೀಗಾಗಿ ವಾಕ್ಯಗಳಲ್ಲಿ ಕೈಹಿಡಿಯುವ ಊಹೆಯೇ ವಿಳಾಸದಲ್ಲಿ ದಾರಿ ತಪ್ಪಿಸುತ್ತದೆ.

ಅಚ್ಚಿನ ಫಾಂಟ್ ಕೂಡ ಇದಕ್ಕೆ ಸೇರಿಕೊಳ್ಳುತ್ತದೆ. ಏರಿಯಲ್ ಮತ್ತು ಹೆಲ್ವೆಟಿಕಾ ಫಾಂಟ್‌ಗಳಲ್ಲಿ l ಮತ್ತು I ಎರಡರ ಎತ್ತರವೂ ಒಂದೇ ಆಗಿದ್ದು, ದಪ್ಪದಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸವಿದೆ. ಗಿಲ್ ಸ್ಯಾನ್ಸ್‌ನಲ್ಲಿ ಒಂದು ಅಂಕಿಯೂ ಬರಿಯ ಗೆರೆಯೇ ಆದ್ದರಿಂದ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ. ವರ್ಡಾನಾದಲ್ಲಿ ದೊಡ್ಡ I ಅಕ್ಷರಕ್ಕೆ ಮೇಲೂ ಕೆಳಗೂ ಅಡ್ಡಗೆರೆಗಳಿರುವುದರಿಂದ ಗೊಂದಲ ಕಡಿಮೆ. ಕ್ಯಾಲಿಬ್ರಿಯಲ್ಲಿ l ಅಕ್ಷರವು ದೊಡ್ಡಕ್ಷರಗಳಿಗಿಂತ ತುಸು ಎತ್ತರ ನಿಲ್ಲುತ್ತದೆ. ಅಂಕಿ 1ರ ತಲೆಯಲ್ಲಿ ಎಡಕ್ಕೆ ಬಾಗಿದ ಚಿಕ್ಕ ಕೊಕ್ಕೆಯೊಂದಿರುತ್ತದೆಯಲ್ಲ, ಹಲವು ಫಾಂಟ್‌ಗಳಲ್ಲಿ ಅದನ್ನು l ಅಕ್ಷರದಿಂದ ಬೇರ್ಪಡಿಸುವುದು ಆ ಕೊಕ್ಕೆಯೊಂದೇ. ಫೋಟೋ ದೂರದಿಂದ ತೆಗೆದದ್ದಾದರೆ, ಅಥವಾ ಮೆಸೇಜ್ ಆ್ಯಪ್ ಮೂಲಕ ಬಂದು ಕುಗ್ಗಿದ್ದರೆ, ಮೊದಲು ಅಳಿಸಿಹೋಗುವುದು ಅದೇ. ಆದ್ದರಿಂದ ಯಾರಾದರೂ ಪೋಸ್ಟರ್ ಫೋಟೋ ಕಳುಹಿಸುವುದಾಗಿ ಹೇಳಿದರೆ, ಚಿತ್ರವಾಗಿ ಬೇಡ, ಡಾಕ್ಯುಮೆಂಟ್ ಆಗಿ ಕಳುಹಿಸಿ ಎಂದು ಕೇಳಿಕೊಳ್ಳುತ್ತೇನೆ. ಆಗ ಮೂಲ ಚಿತ್ರ ಕುಗ್ಗದೆ ಬರುತ್ತದೆ.

ನಾನು ಅನುಸರಿಸುವ ಕ್ರಮವನ್ನು ಒಂದು ಮಾದರಿಯಿಂದ ವಿವರಿಸುತ್ತೇನೆ. ಯಾರ ನಿಜವಾದ ವಿಳಾಸವನ್ನೂ ಇಲ್ಲಿ ಬರೆಯುವುದು ಸರಿಯಲ್ಲವಾದ್ದರಿಂದ, ಉದಾಹರಣೆಗೆಂದೇ ಮೀಸಲಿಟ್ಟಿರುವ example.org ಹೆಸರನ್ನು ಬಳಸಿದ್ದೇನೆ. ಜನವರಿ 21ರಂದು ನಡೆಯುವ ಲಲಿತಕಲಾ ಸ್ಪರ್ಧೆಯೊಂದರ ಪೋಸ್ಟರ್‌ನಿಂದ ಫೋನ್ ಎತ್ತಿಕೊಟ್ಟ ವಿಳಾಸ ಹೀಗಿದೆ ಎಂದುಕೊಳ್ಳೋಣ:

```
Ialitakala21O1@example.org
```

ಫೋನಿನ ಪರದೆಯ ಮೇಲೆ ಇದು ಸಂಪೂರ್ಣ ಸರಿಯಾಗಿ ಕಾಣುತ್ತದೆ. ಪರದೆಯ ಫಾಂಟ್‌ನಲ್ಲೂ I ಮತ್ತು l ಒಂದನ್ನೊಂದು ಹೋಲುವುದೇ ಇದಕ್ಕೆ ಕಾರಣ. ಈ ಸೌಲಭ್ಯದ ದೊಡ್ಡ ಕೊರತೆ ನನ್ನ ದೃಷ್ಟಿಯಲ್ಲಿ ಇದೇ: ಅದು ತಪ್ಪಾಗಿ ಓದುವುದಕ್ಕಿಂತಲೂ, ತಾನು ಏನೆಂದು ಓದಿದೆ ಎಂಬುದನ್ನು ನಮಗೆ ಕಾಣದಂತೆ ತೋರಿಸುವುದು ಹೆಚ್ಚು ಅಪಾಯಕಾರಿ. ಅದಕ್ಕಾಗಿ ನಾನು ಮೊದಲು ಮಾಡುವ ಕೆಲಸವೆಂದರೆ ಇಡೀ ಸಾಲನ್ನು ಸಣ್ಣಕ್ಷರಕ್ಕೆ ಬದಲಾಯಿಸುವುದು.

```
echo 'Ialitakala21O1@example.org' | tr A-Z a-z
ialitakala21o1@example.org
```

ಕಂಪ್ಯೂಟರ್ ಆಜ್ಞೆಯೇ ಬೇಕೆಂದಿಲ್ಲ, ಬರಹ ತಿದ್ದುವ ಯಾವುದೇ ಆ್ಯಪ್‌ನಲ್ಲಿ ಸಣ್ಣಕ್ಷರಕ್ಕೆ ತಿರುಗಿಸುವ ಆಯ್ಕೆ ಇದ್ದರೆ ಸಾಕು. ಈಗ ಮೊದಲ ಅಕ್ಷರ ತಲೆಯ ಮೇಲೆ ಚುಕ್ಕಿ ಹೊತ್ತ i ಆಯಿತು, ಅಂಕಿಗಳ ನಡುವೆ ಗಿಡ್ಡನೆಯ o ಬಂದಿತು. ಅಂದರೆ ಫೋನ್ ಅವೆರಡನ್ನು ದೊಡ್ಡ I ಮತ್ತು ದೊಡ್ಡ O ಎಂದು ಓದಿತ್ತು. ಅದೇ ಪದದಲ್ಲಿ ಮುಂದೆ ಎರಡು ಬಾರಿ ಬರುವ ಗೆರೆಯನ್ನು ಮಾತ್ರ l ಎಂದೇ ಓದಿದೆ. ಒಂದೇ ಅಚ್ಚಿನ ಒಂದೇ ಆಕಾರವನ್ನು ಒಂದೇ ಪದದೊಳಗೆ ಎರಡು ಬಗೆಯಾಗಿ ಓದಿರುವುದು ತಪ್ಪಿನ ಖಚಿತ ಸುಳಿವು. ಹೆಸರು ‘ಲಲಿತಕಲಾ’ ಎಂಬುದು ಕನ್ನಡ ಬಲ್ಲವರಿಗೆ ತಿಳಿಯುತ್ತದೆ, 2101 ಎಂಬುದು ಸ್ಪರ್ಧೆಯ ದಿನಾಂಕ ಎಂಬುದು ಪೋಸ್ಟರ್ ಓದಿದವರಿಗೆ ತಿಳಿಯುತ್ತದೆ. ಸರಿಯಾದ ವಿಳಾಸ lalitakala2101@example.org ಎಂಬ ತೀರ್ಮಾನಕ್ಕೆ ಹೀಗೆ ಬರಬಹುದು.

ಇದರ ಹಿಂದಿನ ನಿಯಮ ಸರಳವಾಗಿದೆ. ವಿಳಾಸದ ಸಾಲು ಪೂರ್ತಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದರೆ ಅಲ್ಲಿ ದೊಡ್ಡ I ಬರಲು ಕಾರಣವಿಲ್ಲ, ಗೆರೆಯೆಂಬುದು l ಆಗಿರಬೇಕು ಇಲ್ಲವೇ 1 ಆಗಿರಬೇಕು. ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಸಣ್ಣ l ಇರುವುದಿಲ್ಲ, ಗೆರೆಯೆಂಬುದು I ಅಥವಾ 1. @ ಚಿಹ್ನೆಯ ನಂತರ ಬರುವ ಡೊಮೇನ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲ, ಇಮೇಲ್ ಸೇವೆಗಳು ಕೂಡ ಸಾಮಾನ್ಯವಾಗಿ @ ಚಿಹ್ನೆಗೆ ಮೊದಲು ಬರುವ ಭಾಗದಲ್ಲಿ ಆ ಭೇದ ಮಾಡುವುದಿಲ್ಲ. ಹಾಗಾಗಿ ಇವೆರಡನ್ನೂ ಸಣ್ಣಕ್ಷರಕ್ಕೆ ತಿರುಗಿಸಿ ನೋಡುವುದರಿಂದ ನಷ್ಟವೇನೂ ಇಲ್ಲ.

ನೋಂದಣಿ ಲಿಂಕ್‌ಗಳ ವಿಷಯ ಹೀಗಲ್ಲ. ಡೊಮೇನ್ ಹೆಸರಾದ ಮೇಲಿನ ಮೊದಲ ಓರೆಗೆರೆಯ ನಂತರ ಬರುವ ಭಾಗದಲ್ಲಿ ದೊಡ್ಡದು ಸಣ್ಣದು ಎಂಬ ಭೇದ ಹಲವು ಕಡೆ ನಿಜಕ್ಕೂ ಇರುತ್ತದೆ, ಕಿರುಲಿಂಕ್‌ಗಳಲ್ಲಂತೂ ಆ ಭೇದವೇ ಮುಖ್ಯ. example.org/r/kIl0Oa ಎಂಬಂಥ ಸಂಕೇತಕ್ಕೆ ಯಾವ ಭಾಷೆಯ ಅರ್ಥವೂ ಇಲ್ಲ, ಅದನ್ನು ಸಣ್ಣಕ್ಷರಕ್ಕೆ ತಿರುಗಿಸಿ ತೆರೆದರೆ ಲಿಂಕ್ ಕೆಟ್ಟುಹೋಗುತ್ತದೆ. ಎರಡು ಗೆರೆಗಳಲ್ಲಿ ಪ್ರತಿಯೊಂದಕ್ಕೂ ಮೂರು ಸಾಧ್ಯತೆ, ಎರಡು ಉಂಗುರಗಳಲ್ಲಿ ಪ್ರತಿಯೊಂದಕ್ಕೂ ಎರಡು. ಅಂದರೆ ಈ ಒಂದು ಸಂಕೇತವನ್ನು 36 ರೀತಿಯಲ್ಲಿ ಓದಬಹುದು. ಒಂದೊಂದಾಗಿ ತೆರೆದು ನೋಡುವುದು ಕಷ್ಟವಷ್ಟೇ ಅಲ್ಲ, ತಪ್ಪು ಸಂಕೇತವು ಬೇರೆಯವರ ಪುಟವನ್ನೇ ತೆರೆಯಬಹುದು. ಪುಟವೊಂದು ತೆರೆದುಕೊಂಡ ಮಾತ್ರಕ್ಕೆ ಲಿಂಕ್ ಸರಿಯೆಂದು ಹೇಳಲಾಗದು. ಅದರ ಶೀರ್ಷಿಕೆಯೂ ದಿನಾಂಕವೂ ಪೋಸ್ಟರ್‌ಗೆ ಹೊಂದಬೇಕು.

ಇಂಥ ಕಡೆ ನನಗೆ ನೆರವಾಗಿರುವುದು ಪೋಸ್ಟರ್‌ನಲ್ಲೇ ಇರುವ ಇತರ ಪದಗಳು. ಅದೇ ಫಾಂಟ್‌ನಲ್ಲಿ ಅಚ್ಚಾದ Online, Email, India ಎಂಬ ಪದಗಳು ಪೋಸ್ಟರ್‌ಗಳಲ್ಲಿ ಹೆಚ್ಚಾಗಿ ಸಿಗುತ್ತವೆ. Online ಪದದಲ್ಲಿ ನಿಸ್ಸಂಶಯವಾದ O ಮತ್ತು l, India ಪದದಲ್ಲಿ I, ಫೋನ್ ಸಂಖ್ಯೆಯಲ್ಲಿ 1 ಮತ್ತು 0 ದೊರೆಯುತ್ತವೆ. ಫೋಟೋವನ್ನು ಹಿಗ್ಗಿಸಿ, ಸಂಶಯದ ಅಕ್ಷರವನ್ನು ಇವುಗಳ ಪಕ್ಕದಲ್ಲಿಟ್ಟು ನೋಡುತ್ತೇನೆ. ಉಂಗುರಗಳಲ್ಲಿ ಅಗಲ ನೋಡಬೇಕು: O ದುಂಡಗೆ ಹರಡಿಕೊಂಡಿರುತ್ತದೆ, ಸೊನ್ನೆ ಸಾಮಾನ್ಯವಾಗಿ ಕಿರಿದಾಗಿರುತ್ತದೆ. ಗೆರೆಗಳಲ್ಲಿ ಎತ್ತರ ನೋಡಬೇಕು: ಪಕ್ಕದ k ಅಥವಾ d ಅಕ್ಷರದ ತುದಿಗೆ ಸಮವಾದರೆ l, ದೊಡ್ಡಕ್ಷರಗಳ ತುದಿಗೆ ಸಮವಾದರೆ I. ಏರಿಯಲ್‌ನಂಥ ಫಾಂಟ್‌ನಲ್ಲಿ ಈ ಎರಡು ತುದಿಗಳೂ ಒಂದೇ ಮಟ್ಟದಲ್ಲಿರುವುದರಿಂದ ಎತ್ತರದ ಪರೀಕ್ಷೆ ಅಲ್ಲಿ ನಡೆಯದು, ಎಷ್ಟು ಒಳ್ಳೆಯ ಫೋಟೋ ಇದ್ದರೂ ಅಷ್ಟೇ. ಆಗ ಉಳಿಯುವ ದಾರಿಗಳು ಎರಡು. ಪೋಸ್ಟರ್‌ನಲ್ಲಿ ಕ್ಯೂಆರ್ ಕೋಡ್ ಇದ್ದರೆ ಅದನ್ನು ಸ್ಕ್ಯಾನ್ ಮಾಡಬೇಕು. ಅದರಲ್ಲಿ ಅಕ್ಷರಗಳ ಆಕಾರದ ಬದಲು ಅವುಗಳ ಸಂಕೇತಸಂಖ್ಯೆಗಳೇ ಅಡಗಿರುವುದರಿಂದ l ಮತ್ತು I ಬೆರೆಯುವುದಿಲ್ಲ. ಕೋಡ್ ಇಲ್ಲದಿದ್ದರೆ ಪೋಸ್ಟರ್‌ನಲ್ಲಿರುವ ಸಂಖ್ಯೆಗೆ ಕರೆ ಮಾಡಿ ಲಿಂಕ್ ಕಳುಹಿಸಿ ಎಂದು ಕೇಳುವುದೇ ಸರಿ.

ಕನ್ನಡ ಪೋಸ್ಟರ್‌ಗಳಿಗೆ ವಿಶೇಷವಾದ ತೊಡಕೊಂದಿದೆ. ಕನ್ನಡ ಬರಹದ ನಡುವೆ ಇಂಗ್ಲಿಷ್ ವಿಳಾಸ ಬಂದಾಗ, ಸೊನ್ನೆಯನ್ನು ಅಥವಾ ಸಣ್ಣ o ಅಕ್ಷರವನ್ನು ತಂತ್ರಾಂಶವು ಕನ್ನಡದ ೦ ಎಂದು ಓದಿಬಿಡುವ ಸಾಧ್ಯತೆ ಇರುತ್ತದೆ. ಕಣ್ಣಿಗೆ ವ್ಯತ್ಯಾಸವೇ ತಿಳಿಯದು, ಆದರೆ ಕಂಪ್ಯೂಟರ್‌ಗೆ ಅದು ಬೇರೆಯೇ ಅಕ್ಷರ. ಡೊಮೇನ್ ಭಾಗದಲ್ಲಿ ಹೀಗಾದಾಗ ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ xn-- ಎಂದು ಆರಂಭವಾಗುವ ವಿಚಿತ್ರ ಹೆಸರು ಕಾಣಿಸಿಕೊಳ್ಳಬಹುದು. ಹಾಗೆ ಕಂಡರೆ ಉಂಗುರಗಳನ್ನೆಲ್ಲ ಅಳಿಸಿ ಕೈಯಿಂದ ಮತ್ತೆ ಟೈಪ್ ಮಾಡುವುದು ಒಳ್ಳೆಯದು. ವಿಳಾಸದ ಸಾಲನ್ನಷ್ಟೇ ಕತ್ತರಿಸಿ ಗುರುತಿಸಲು ಕೊಟ್ಟರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವವರಿಗೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಇನ್ನೂ ಹೆಚ್ಚಿನ ಹಿಡಿತ ಕೊಡುತ್ತದೆ. ಕತ್ತರಿಸಿದ ಸಾಲನ್ನು ಒಂದೇ ಸಾಲೆಂದು ಪರಿಗಣಿಸು, ದೊಡ್ಡಕ್ಷರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಅದಕ್ಕೆ ಹೇಳಬಹುದು:

```
tesseract salu.png stdout -l eng --psm 7 \
 -c tessedit_char_whitelist=abcdefghijklmnopqrstuvwxyz0123456789.@_-
```

ಸಣ್ಣಕ್ಷರದ ಇಮೇಲ್ ವಿಳಾಸಗಳಿಗೆ ಇದು ಚೆನ್ನಾಗಿ ಒದಗುತ್ತದೆ, ಏಕೆಂದರೆ I ಮತ್ತು O ಎಂಬ ಆಯ್ಕೆಗಳೇ ಅಲ್ಲಿ ಉಳಿಯುವುದಿಲ್ಲ. l ಮತ್ತು 1ರ ನಡುವಿನ, ಸೊನ್ನೆ ಮತ್ತು ಸಣ್ಣ o ಅಕ್ಷರದ ನಡುವಿನ ಗೊಂದಲ ಮಾತ್ರ ಉಳಿದುಕೊಳ್ಳುತ್ತದೆ. ಕಿರುಲಿಂಕ್‌ಗಳಿಗೆ ಇದನ್ನು ಬಳಸಬಾರದು.

ಈ ಸೌಲಭ್ಯವನ್ನು ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಗುರುತಿಸುವ ತಂತ್ರಾಂಶಕ್ಕೆ ತನ್ನ ಓದಿನ ಮೇಲೆ ಎಷ್ಟು ಭರವಸೆ ಇದೆ ಎಂಬ ಅಂಕ ಒಳಗೇ ಸಿದ್ಧವಾಗಿರುತ್ತದೆ. ಟೆಸರಾಕ್ಟ್ ಅದನ್ನು ಪದಪದಕ್ಕೂ ಹೊರಗೆ ಕೊಡುತ್ತದೆ. ಫೋನ್ ಕೂಡ ವಿಳಾಸವನ್ನು ನೇರವಾಗಿ ಒತ್ತಬಹುದಾದ ನೀಲಿ ಲಿಂಕ್ ಮಾಡುವ ಮೊದಲು ಸಂಶಯದ ಅಕ್ಷರಗಳಿಗೆ ಬೇರೆ ಬಣ್ಣ ಕೊಡಲಿ, I ಮತ್ತು l ಬೇರೆಬೇರೆಯಾಗಿ ಕಾಣುವ ಫಾಂಟ್‌ನಲ್ಲಿ ತೋರಿಸಲಿ. ಪೋಸ್ಟರ್ ಮಾಡಿಸುವವರು ಕೂಡ ಕಿರುಲಿಂಕ್ ಸೇವೆ ತಾನಾಗಿ ಕೊಡುವ ಸಂಕೇತದ ಬದಲು ಸಣ್ಣಕ್ಷರದ ಒಂದು ಪದವನ್ನು ಆರಿಸಿಕೊಂಡರೆ ಈ ಕೆಲಸದ ಹೆಚ್ಚಿನ ಪಾಲು ತಪ್ಪುತ್ತದೆ. ಬಿಟ್‌ಕಾಯಿನ್ ವಿಳಾಸಗಳಿಗಾಗಿ ರೂಪಿಸಿದ ಬೇಸ್58 ಎಂಬ ಸಂಕೇತಕ್ರಮದಲ್ಲಿ 0, O, I, l ಈ ನಾಲ್ಕನ್ನು ಬೇಕೆಂದೇ ಕೈಬಿಟ್ಟಿದ್ದಾರೆ. ಕಿರುಲಿಂಕ್ ಸೇವೆಗಳೂ ಹಾಗೆಯೇ ಮಾಡಬಹುದು, ಸಂಕೇತಗಳ ಸಂಖ್ಯೆಯಲ್ಲಿ ತುಸು ಕಡಿಮೆಯಾಗುವುದನ್ನು ಬಿಟ್ಟರೆ ಅದರಿಂದ ತೊಂದರೆಯಿಲ್ಲ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಪೋಸ್ಟರ್‌ನ ಬರಹ ಎತ್ತಲು ಧಾರಾಳವಾಗಿ ಬಳಸಿ. ಅರ್ಜಿ ಕಳುಹಿಸುವ ಕೊನೆಯ ದಿನದಂದು ಈ ಸೌಲಭ್ಯ ಓದಿಕೊಟ್ಟ ಕಿರುಲಿಂಕ್ ಒಂದನ್ನೇ ನಂಬಿ ಕೂರಬೇಡಿ.