ದಿನಕ್ಕೆ ಎಷ್ಟು ಕ್ಯಾಲೊರಿ? ತಕ್ಕಡಿ, ಆಪ್ ಮತ್ತು ಕಾಗದದ ಲೆಕ್ಕ

ಗೆದ್ದವರು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ, ಅದಕ್ಕೆ ದಿನದ ಓಡಾಟ-ಕೆಲಸವನ್ನು ಸೇರಿಸುವ 1.4ರ ಗುಣಕ, ಅದರ ಬೆನ್ನಿಗೆ ಕೆಲವು ವಾರಗಳ ತೂಕದ ಪಟ್ಟಿ. ಖರ್ಚು ಒಂದು ನೋಟ್‌ಬುಕ್ಕಿನದು. ಸೋತದ್ದು ದೇಹದ ಕೊಬ್ಬನ್ನೂ ಅಳೆಯುತ್ತೇನೆ ಎನ್ನುವ ತಕ್ಕಡಿ ಮತ್ತು ಮೂರು ತಿಂಗಳ ಚಂದಾ ಕಟ್ಟಿಸಿಕೊಂಡ ಒಂದು ಆಹಾರ ಯೋಜನೆಯ ಆಪ್. ಎರಡರ ಹೆಸರೂ ಇಲ್ಲಿ ಬೇಡ. ಅವು ಮಾಡುವ ಲೆಕ್ಕವನ್ನೇ ಬೇರೆಯವೂ ಮಾಡುತ್ತವೆ.

ನನ್ನ ವಿವರ ಇಷ್ಟು: ಗಂಡಸು, ವಯಸ್ಸು 42, ಎತ್ತರ 168 ಸೆಂಟಿಮೀಟರ್, ತೂಕ 78 ಕಿಲೋ. ಶಿವಮೊಗ್ಗದಲ್ಲಿ ಕುರ್ಚಿಯ ಮೇಲಿನ ಕೆಲಸ, ಸ್ಕೂಟರಿನ ಓಡಾಟ, ಸಂಜೆ ಒಂದು ಗಂಟೆ ನಡಿಗೆ. ತೂಕ ಇಳಿಸಬೇಕಿತ್ತು, ಆದರೆ ಅನ್ನ ಬಿಡುವ ಉದ್ದೇಶ ಇರಲಿಲ್ಲ. ಹಾಗಾಗಿ ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್ ಎಂದು ಪಾಲು ಮಾಡುವ ಮುನ್ನ ಒಟ್ಟು ಎಷ್ಟು ಎಂಬುದು ಸರಿಯಾಗಿ ಗೊತ್ತಾಗಬೇಕಿತ್ತು.

ಲೆಕ್ಕದ ಮೊದಲ ಮೆಟ್ಟಿಲು ಬಿಎಂಆರ್, ಅಂದರೆ ಏನೂ ಮಾಡದೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯಕ್ಕೆ, ಮೈ ಬಿಸಿಗೆ ದೇಹ ಒಂದು ದಿನದಲ್ಲಿ ಸುಡುವ ಕ್ಯಾಲೊರಿ. ಗಂಡಸರಿಗೆ ಮಿಫ್ಲಿನ್ ಸೂತ್ರ ಹೀಗಿದೆ. ಹೆಂಗಸರಿಗೆ ಕೊನೆಯ 5 ಕೂಡಿಸುವ ಬದಲು 161 ಕಳೆಯಬೇಕು.

```
10 × 78 + 6.25 × 168 − 5 × 42 + 5 = 1625
```

1919ರ ಹ್ಯಾರಿಸ್-ಬೆನೆಡಿಕ್ಟ್ ಸೂತ್ರದಲ್ಲಿ ಇದೇ ಅಂಕಿಗಳಿಗೆ 1696 ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹಳೆಯ ಸೂತ್ರ ಎತ್ತರವನ್ನೇ ಕೇಳುವುದಿಲ್ಲ. 30ರಿಂದ 60ರ ಗಂಡಸರಿಗೆ ತೂಕವನ್ನು 10.9ರಿಂದ ಗುಣಿಸಿ 833 ಕೂಡಿಸಿದರೆ ಮುಗಿಯಿತು. ನನಗೆ 1683. ಮೂರರ ನಡುವೆ ಹೆಚ್ಚೆಂದರೆ ಎಪ್ಪತ್ತು ಕ್ಯಾಲೊರಿ ವ್ಯತ್ಯಾಸ, ಒಂದು ಲೋಟ ಸಕ್ಕರೆ ಕಾಫಿಯಷ್ಟು. ಇದರ ಮೇಲೆ ಜಗಳ ಆಡುವವರು ಆಡಿಕೊಳ್ಳಲಿ. 1990ರಲ್ಲಿ ಬಂದ ಮಿಫ್ಲಿನ್ ಹೆಚ್ಚಿನವರಿಗೆ ಶೇಕಡಾ ಹತ್ತರೊಳಗೆ ಹೊಂದುತ್ತದೆ, ಮನಸ್ಸಿನಲ್ಲೇ ಲೆಕ್ಕ ಹಾಕಬಹುದು, ನನಗೆ ಅಷ್ಟು ಸಾಕು.

ತಕ್ಕಡಿಯದು ಬೇರೆಯೇ ದಾರಿ. ಅದು ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ, ಮೈಯ ತಡೆಯನ್ನು ಅಳೆದು, ಕೊಬ್ಬಿನ ಪ್ರಮಾಣವನ್ನು ಊಹಿಸುತ್ತದೆ. ಕೊಬ್ಬು ಕಳೆದು ಉಳಿದ ತೂಕವನ್ನು 21.6ರಿಂದ ಗುಣಿಸಿ 370 ಕೂಡಿಸುವ ಕ್ಯಾಚ್-ಮ್ಯಾಕ್‌ಆರ್ಡಲ್ ಸೂತ್ರಕ್ಕೆ ಈ ಅಂಕಿ ಬೇಕು. ತತ್ವ ಚೆನ್ನಾಗಿದೆ, ಏಕೆಂದರೆ ಸ್ನಾಯು ಮತ್ತು ಅಂಗಾಂಗಗಳೇ ಹೆಚ್ಚು ಸುಡುವುದು. ಆದರೆ ಮೈಯಲ್ಲಿನ ನೀರು, ಪಾದದ ತೇವ, ಚರ್ಮದ ಬಿಸಿ ಬದಲಾದರೆ ತಡೆಯೂ ಬದಲಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪಾದ ಒಣಗಿರುವುದೇ ಅಪರೂಪ. ಬೆಳಿಗ್ಗೆ 30 ಶೇಕಡಾ ಕೊಬ್ಬು ಎಂದದ್ದು ಅದೇ ಸಂಜೆ 24 ಎಂದಿತು. ಸೂತ್ರಕ್ಕೆ ಹಾಕಿದರೆ ಬೆಳಿಗ್ಗೆಯ ಬಿಎಂಆರ್ 1549, ಸಂಜೆಯದು 1650. ಮೂರು ಹಳೆಯ ಸೂತ್ರಗಳ ನಡುವಿನ ಅಂತರಕ್ಕಿಂತ ಒಂದೇ ತಕ್ಕಡಿಯ ಎರಡು ಹೊತ್ತಿನ ಅಂತರ ದೊಡ್ಡದು. ತೂಕವನ್ನು ಮಾತ್ರ ಅದು ಪ್ರಾಮಾಣಿಕವಾಗಿ ತೋರಿಸುತ್ತದೆ, ಆ ಕೆಲಸಕ್ಕೆ ಅದರ ಮೂರನೇ ಒಂದು ಪಾಲು ಬೆಲೆಯ ತಕ್ಕಡಿ ಸಾಕಿತ್ತು.

ಇನ್ನು ಆಪ್. ಅದು ಬಳಸಿದ್ದೂ ಮಿಫ್ಲಿನ್ ಸೂತ್ರವನ್ನೇ, 1625 ಎಂದು ಸರಿಯಾಗಿಯೇ ತೋರಿಸಿತು. ಕೆಟ್ಟದ್ದು ಮುಂದಿನ ಪ್ರಶ್ನೆಯಲ್ಲಿ: "ವಾರಕ್ಕೆ ಮೂರರಿಂದ ಐದು ದಿನ ವ್ಯಾಯಾಮ ಮಾಡುತ್ತೀರಾ?" ಮಾಡುತ್ತೇನೆ ಎಂದೆ. "ಮಧ್ಯಮ ಚಟುವಟಿಕೆ" ಎಂದು ಗುರುತಿಸಿ 1.55ರಿಂದ ಗುಣಿಸಿತು. ಉತ್ತರ 2519. ಅದರಿಂದ 400 ಕಳೆದು, ದಿನಕ್ಕೆ 2119 ತಿನ್ನಿ, ತಿಂಗಳಿಗೆ ಒಂದೂವರೆ ಕಿಲೋ ಇಳಿಯುತ್ತದೆ ಎಂದು ಬರೆಯಿತು. ಇಳಿದದ್ದು ಅರ್ಧ ಕಿಲೋ.

ಈ ಗುಣಕದ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹಾಳಾಗುವ ಲೆಕ್ಕಗಳು ಬಹುತೇಕ ಇಲ್ಲೇ ಹಾಳಾಗುವುದು. ಆಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮೆಟ್ಟಿಲುಗಳು 1.2, 1.375, 1.55, 1.725 ಮತ್ತು 1.9. ಒಂದು ಮೆಟ್ಟಿಲು ಹತ್ತಿದರೆ ನನ್ನ ಲೆಕ್ಕ 284 ಕ್ಯಾಲೊರಿ ಏರುತ್ತದೆ. ಸೂತ್ರ ಬದಲಿಸಿದರೆ ಎಪ್ಪತ್ತು, ಮೆಟ್ಟಿಲು ಬದಲಿಸಿದರೆ ಅದರ ನಾಲ್ಕು ಪಟ್ಟು. ಆದರೂ ಆಪ್ ಸೂತ್ರದ ಬಗ್ಗೆ ಪುಟಗಟ್ಟಲೆ ಬರೆದು, ಗುಣಕದ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತದೆ, ಅದೂ ವ್ಯಾಯಾಮದ ಬಗ್ಗೆ ಮಾತ್ರ. ಗುಣಕ ಇರುವುದು ಇಪ್ಪತ್ತನಾಲ್ಕು ಗಂಟೆಗೆ. ವ್ಯಾಯಾಮದ ಒಂದು ಗಂಟೆ ಬಿಟ್ಟು ಉಳಿದ ಇಪ್ಪತ್ತಮೂರು ಗಂಟೆ ಏನು ಮಾಡುತ್ತೀರಿ ಎಂದು ಅದು ಕೇಳಲೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ಜಂಟಿ ವರದಿಯಲ್ಲಿರುವ ರೀತಿಯಲ್ಲಿ ದಿನವನ್ನು ಬಿಡಿಸಿ ನೋಡಿದೆ. ಪ್ರತಿಯೊಂದು ಕೆಲಸಕ್ಕೂ ಬಿಎಂಆರ್‌ನ ಎಷ್ಟು ಪಟ್ಟು ಎಂಬ ಅಂಕಿ ಇರುತ್ತದೆ, ಅದನ್ನು ಗಂಟೆಗಳಿಂದ ಗುಣಿಸಿ ಕೂಡಿಸುವುದು. ನಿದ್ದೆ ಎಂಟು ಗಂಟೆ, ತಲಾ 1. ಕುರ್ಚಿ ಕೆಲಸ ಎಂಟು ಗಂಟೆ, ತಲಾ 1.5. ಸ್ನಾನ, ಬಟ್ಟೆ ಇತ್ಯಾದಿ ಒಂದು ಗಂಟೆ 2.3, ಊಟ ಒಂದು ಗಂಟೆ 1.5, ಸ್ಕೂಟರ್ ಒಂದು ಗಂಟೆ 2, ಟಿವಿ-ಮೊಬೈಲ್ ನಾಲ್ಕು ಗಂಟೆ ತಲಾ 1.4, ನಡಿಗೆ ಒಂದು ಗಂಟೆ 3.2. ಒಟ್ಟು 34.6. ಇಪ್ಪತ್ತನಾಲ್ಕರಿಂದ ಭಾಗಿಸಿದರೆ 1.44.

ಜುಲೈನಲ್ಲಿ ಜಡಿಮಳೆ ಹಿಡಿದು ನಡಿಗೆ ನಿಂತರೆ? ಆ ಗಂಟೆಯನ್ನೂ ಟಿವಿಗೆ ಕೊಟ್ಟು ನೋಡಿ. 1.37ಕ್ಕೆ ಇಳಿಯುತ್ತದೆ. ಅಂದರೆ ದಿನಾ ತಪ್ಪದೆ ಮಾಡುವ ಒಂದು ಗಂಟೆಯ ನಡಿಗೆಗೆ ಸಿಗುವುದು ಸುಮಾರು 120 ಕ್ಯಾಲೊರಿ. ಆಪ್ ಮಾತ್ರ ನಡೆಯದವನಿಗೆ 1.2, ನಡೆದವನಿಗೆ 1.55 ಎಂದು 569 ಕ್ಯಾಲೊರಿಯ ಬಹುಮಾನ ಕೊಡುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಕೈಪಟ್ಟಿ ಅಳೆದ ಹೆಜ್ಜೆಗಳನ್ನು ಫೋನಿನಿಂದ ತರಿಸಿಕೊಂಡು, "ಇಂದು ನೀವು ಇನ್ನೂ 260 ತಿನ್ನಬಹುದು" ಎಂದು ಸಂಜೆ ಸಂದೇಶ ಕಳಿಸುತ್ತಿತ್ತು. ಗುಣಕದೊಳಗೆ ಒಮ್ಮೆ ಎಣಿಸಿದ ನಡಿಗೆಯನ್ನೇ ಎರಡನೇ ಸಲ ಎಣಿಸುವುದು ಇದು. ಆ ಆಯ್ಕೆಯನ್ನು ಆಫ್ ಮಾಡುವ ಗುಂಡಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಚಂದಾದ ಅವಧಿಯ ಒಂದಿಷ್ಟು ಕಳೆಯಿತು. ನಿಮ್ಮ ಆಪ್‌ನಲ್ಲಿ ವ್ಯಾಯಾಮದ ಕ್ಯಾಲೊರಿ ವಾಪಸು ಕೊಡುವ ಆಯ್ಕೆ ಇದ್ದರೆ, ಒಂದೋ ಗುಣಕ ನಡಿಗೆ ಬಿಟ್ಟದ್ದಾಗಿರಬೇಕು, ಇಲ್ಲವೇ ಆ ಆಯ್ಕೆ ಆಫ್ ಆಗಿರಬೇಕು.

ಇನ್ನೊಂದು ತೊಡಕು ಹೆಸರುಗಳದು. ಸಂಶೋಧನಾ ಮಂಡಳಿಯ 2020ರ ಪಟ್ಟಿಯಲ್ಲಿ ಕುಳಿತು ಮಾಡುವ ಕೆಲಸಕ್ಕೆ 1.4, ಮಧ್ಯಮಕ್ಕೆ 1.8, ಭಾರಿ ಕೆಲಸಕ್ಕೆ 2.3 ಇದೆ. ಆಪ್‌ನ ಮಧ್ಯಮ 1.55, ಮಂಡಳಿಯ ಮಧ್ಯಮ 1.8. ಒಂದರ ಹೆಸರು ಹಿಡಿದು ಇನ್ನೊಂದರ ಅಂಕಿ ಹಾಕಿದರೆ ನನ್ನ ಲೆಕ್ಕ 2925ಕ್ಕೆ ಹೋಗುತ್ತದೆ. ಅದು ತೀರ್ಥಹಳ್ಳಿಯ ಕಡೆ ಅಡಿಕೆ ತೋಟ ಮಾಡುವ ನನ್ನ ಭಾವನಂಥವರಿಗೆ ಸರಿ. ಈ ಪಟ್ಟಿ ತೋರಿಸಿದಾಗ ಅವರು ನಕ್ಕರು: "ಕೊಯ್ಲಿನಲ್ಲಿ ಗೊನೆ ಹೊರುವ ದಿನ ಬೇರೆ, ಸುಲಿಯಲು ಕುಳಿತ ದಿನ ಬೇರೆ. ನೀನು ನನಗೆ ಒಂದೇ ಅಂಕಿ ಹೇಗೆ ಕೊಡುತ್ತೀಯಾ?" ಕೊಡಲಾಗುವುದಿಲ್ಲ. ಸುಲಿಯುವಾಗ ಬೆನ್ನು ನೋಯುತ್ತದೆ, ಕೈ ದಣಿಯುತ್ತದೆ, ಆದರೆ ಅದು ಕುಳಿತ ಕೆಲಸವೇ. ದಣಿವು ಬೇರೆ, ಸುಟ್ಟ ಕ್ಯಾಲೊರಿ ಬೇರೆ. ತೋಟದವರು ಋತುವಿಗೆ ಒಂದು ಗುಣಕ ಇಟ್ಟುಕೊಳ್ಳುವುದು ಒಳ್ಳೆಯದು.

ನಾನು 1.4 ಹಿಡಿದೆ. 1625ಕ್ಕೆ ಗುಣಿಸಿದರೆ 2275. ಬಿಡಿಸಿ ಮಾಡಿದ ಲೆಕ್ಕ 1.44 ಎಂದರೂ ಕೆಳಗಿನದನ್ನೇ ಆರಿಸಿದ್ದಕ್ಕೆ ಕಾರಣ, ನಡಿಗೆ ತಪ್ಪುವ ದಿನಗಳು ನನ್ನ ಸ್ವಭಾವಕ್ಕೆ ಗೊತ್ತು.

ಇಷ್ಟಾದರೂ ಇದು ಊಹೆಯೇ. ಪರೀಕ್ಷೆ ಹೀಗೆ: ದಿನಾ ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮುಂಚೆ ತೂಕ ಬರೆಯುವುದು, ವಾರದ ಸರಾಸರಿ ತೆಗೆಯುವುದು, ತಿಂದದ್ದನ್ನೂ ಬರೆಯುವುದು. ಅನ್ನ ಕಡಿಮೆ ಮಾಡಿದ ಮೊದಲ ವಾರದ ಇಳಿಕೆಯನ್ನು ನಂಬಬಾರದು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುವಾಗ ಜೊತೆಗೆ ನೀರೂ ಹೋಗುತ್ತದೆ. ಅದನ್ನು ಬಿಟ್ಟು ಮುಂದಿನ ನಾಲ್ಕು ವಾರದಲ್ಲಿ ನನ್ನ ಸರಾಸರಿ ಊಟ 2050, ಇಳಿಕೆ 0.8 ಕಿಲೋ. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂಬ ಲೆಕ್ಕದಲ್ಲಿ ಇದು ದಿನಕ್ಕೆ 220. ಕೂಡಿಸಿದರೆ 2270. ಕಾಗದದ ಲೆಕ್ಕಕ್ಕೆ ಐದೇ ಕಡಿಮೆ; ಅಷ್ಟು ಹತ್ತಿರ ಬಂದದ್ದು ಅದೃಷ್ಟ, ನೂರು ಆಚೀಚೆ ಬಂದಿದ್ದರೂ ನಾನು ತೃಪ್ತ. ಒಗ್ಗರಣೆಯ ಎಣ್ಣೆ, ತೆಂಗಿನ ತುರಿ ಬರೆಯಲು ಮರೆತಿರಬಹುದಲ್ಲ ಎಂದು ಕೇಳುವವರಿದ್ದಾರೆ. ಮರೆತರೂ ಪ್ರತಿದಿನ ಅಷ್ಟೇ ಮರೆಯುತ್ತಿದ್ದರೆ ತೊಂದರೆಯಿಲ್ಲ. ಸಿಕ್ಕ ಅಂಕಿ ನನ್ನ ಬರವಣಿಗೆಯ ಅಳತೆಯಲ್ಲೇ ಇರುತ್ತದೆ, ಅದರಿಂದ 400 ಕಳೆದರೆ ಕಳೆದದ್ದು ನಿಜವಾಗಿಯೂ 400.

ಪಾಲು ಮಾಡುವಾಗ ಆಪ್ ಶೇಕಡಾವಾರು ಹಂಚಿತು. ನನಗೆ ಅದು ಒಪ್ಪಿಗೆಯಿಲ್ಲ, ಒಟ್ಟು ತಪ್ಪಾದರೆ ಮೂರೂ ತಪ್ಪುತ್ತವೆ. ಪ್ರೋಟೀನನ್ನು ತೂಕದಿಂದ ಹಿಡಿದೆ: ಕಿಲೋಗೆ 1.2 ಗ್ರಾಂನಂತೆ 94 ಗ್ರಾಂ, 376 ಕ್ಯಾಲೊರಿ. ಮೂತ್ರಪಿಂಡದ ತೊಂದರೆ ಇದ್ದವರು ಇದನ್ನು ವೈದ್ಯರಿಂದಲೇ ಕೇಳಿ ಹಿಡಿಯಬೇಕು. ಕೊಬ್ಬು 60 ಗ್ರಾಂ, 540 ಕ್ಯಾಲೊರಿ. 2270ರಿಂದ 400 ಕಳೆದ 1870ರಲ್ಲಿ ಉಳಿದದ್ದು 954, ಅಂದರೆ ಸುಮಾರು 239 ಗ್ರಾಂ ಕಾರ್ಬೋಹೈಡ್ರೇಟ್. ಆಪ್‌ನ 2119ಕ್ಕೆ ಇದೇ ರೀತಿ ಪಾಲು ಮಾಡಿದರೆ 301 ಗ್ರಾಂ ಬರುತ್ತದೆ. ಗುಣಕದ ತಪ್ಪು ಪೂರ್ತಿ ಇಲ್ಲಿ ಬಂದು ಕೂರುತ್ತದೆ: 62 ಗ್ರಾಂ, ಹಸಿ ಅಕ್ಕಿಯ ಲೆಕ್ಕದಲ್ಲಿ ಸುಮಾರು 80 ಗ್ರಾಂ. ಎರಡು ಹೊತ್ತು ಅನ್ನ ಉಣ್ಣುವ ಮನೆಯಲ್ಲಿ ಅದು ಕಣ್ಣಿಗೆ ಬೀಳುವ ಪ್ರಮಾಣವೇ ಅಲ್ಲ, ತೂಗಿದರೆ ಮಾತ್ರ ಗೊತ್ತಾಗುತ್ತದೆ.

ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಅಡುಗೆಮನೆಗೆ ಗ್ರಾಂ ತೋರಿಸುವ ಸಣ್ಣ ತಕ್ಕಡಿ ತನ್ನಿ. ಬರೆದಿಡುವ ತಾಳ್ಮೆ ಇಲ್ಲದವರಿಗೆ ಆಪ್ ಇರಲಿ, ಆದರೆ ಗುಣಕ ಕೇಳಿದಾಗ ವ್ಯಾಯಾಮ ಮಾಡಿದರೂ 1.375ರ ಮೆಟ್ಟಿಲನ್ನೇ ಒತ್ತಿ. ಐದು ಕಿಲೋ ಇಳಿದ ಮೇಲೆ ಸೂತ್ರವನ್ನು ಮತ್ತೊಮ್ಮೆ ಹಾಕಬೇಕು. ಬಿಎಂಆರ್‌ನಲ್ಲಿ 50, ಗುಣಿಸಿದ ಮೇಲೆ 70 ಕ್ಯಾಲೊರಿ ಕಡಿಮೆಯಾಗಿರುತ್ತದೆ.