ಓಟಿ: ಮೊದಲೇ ಚೀಟಿ ಬರೆಸಬೇಕಾ, ಆಮೇಲೆ ಪುಸ್ತಕಕ್ಕೆ ಹಾಕಿದರೆ ಸಾಕಾ?

ಸೆಕೆಂಡ್ ಶಿಫ್ಟ್ ರಾತ್ರಿ 10:30ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ಲೇತ್ ಮೇಲೆ ಇನ್ನೂ ಆರು ಪೀಸ್ ಇದೆ, ಬೆಳಿಗ್ಗೆ ಲೋಡ್ ಹೋಗಬೇಕು. ಮುಗಿಸುವಾಗ 11:20.

ಚೀಟಿ ಪದ್ಧತಿಯಲ್ಲಿ 10 ಗಂಟೆಗೇ ಸೂಪರ್‌ವೈಸರ್ ಹತ್ತಿರ ಹೋಗಿ, ಯಾವ ಕೆಲಸ, ಎಷ್ಟು ಹೊತ್ತು ಅಂತ ಬರೆಸಿ ಸಹಿ ಹಾಕಿಸಬೇಕು. ತಿಂಗಳ ಕೊನೆಗೆ ತಕರಾರೇ ಇರಲ್ಲ. ತೊಂದರೆ ಒಂದೇ: ಮೆಷಿನ್ 10:25ಕ್ಕೆ ಕೈಕೊಟ್ಟರೆ ಸಹಿ ಹಾಕುವವರು ಆಗಲೇ ಬಸ್ಸಿನಲ್ಲಿರುತ್ತಾರೆ.

ಪುಸ್ತಕ ಪದ್ಧತಿ ಸಲೀಸು. ಮಾರನೇ ದಿನ ಬರೆದರಾಯಿತು. ಆದರೆ ಪಂಚ್ ಆಗಿರುವುದು 11:28ಕ್ಕೆ, ನೀವು ಬರೆದದ್ದು 11:20. ಆ ಎಂಟು ನಿಮಿಷ ಕೈ ತೊಳೆದದ್ದು ಅಂದರೆ ಯಾರು ನಂಬುತ್ತಾರೆ? ಒಮ್ಮೆ ನಾನು ಸುಮ್ನೆ "ಓಟಿ 1 ಗಂಟೆ" ಅಂತ ಬರೆದಿದ್ದೆ. ಅಕೌಂಟ್ಸ್‌ನವರು ಪೂರ್ತಿ ಹೊಡೆದು ಹಾಕಿದರು. ಜಾಬ್ ಕಾರ್ಡ್ ನಂಬರ್, ಪೀಸ್ ಲೆಕ್ಕ, ಶುರುವಾದ ಮತ್ತು ಮುಗಿದ ಸಮಯ ಇದ್ದಿದ್ದರೆ ಉಳಿಯುತ್ತಿತ್ತು.

ದುಡ್ಡು ನೋಡಿ. ಕಾನೂನಿನ ಪ್ರಕಾರ ಓಟಿಗೆ ಎರಡು ಪಟ್ಟು. ಗಂಟೆಗೆ 80 ರೂಪಾಯಿ ಇದ್ದರೆ 160 ಆಗುತ್ತದೆ, 50 ನಿಮಿಷಕ್ಕೆ ಸುಮಾರು 133. ಅರ್ಧ ಗಂಟೆಗೆ ಇಳಿಸಿ ಲೆಕ್ಕ ಹಾಕಿದರೆ ಬರೀ 80.

ಮೊದಲೇ ಗೊತ್ತಿರುವ ಕೆಲಸಕ್ಕೆ ನಾನಂತೂ ಚೀಟಿಯನ್ನೇ ಆರಿಸುತ್ತೇನೆ. ದಿಢೀರ್ ಕೆಲಸಕ್ಕೆ 10:30ಕ್ಕೇ ಸೂಪರ್‌ವೈಸರ್‌ಗೆ ಒಂದು ವಾಟ್ಸಾಪ್ ಮೆಸೇಜ್, "ಆರು ಪೀಸ್ ಬಾಕಿ ಸಾರ್, ನಿಲ್ಲಲಾ?" ಅಂತ. ಉತ್ತರ ಬಂದಮೇಲೆ ಮಾತ್ರ ಮೆಷಿನ್ ಆನ್, ಮಾರನೇ ದಿನ ಪುಸ್ತಕಕ್ಕೆ.